ಸಹಾಯ ಬೇಕು: ನಾಲ್ವರ ವಾರದ ಅಭ್ಯಾಸಕ್ಕೆ ಡೀಫಾಲ್ಟ್ ಜಾಮೀನಿನ ಪ್ರಶ್ನೆಗಳು

ಕ್ರಿಮಿನಲ್ ಪ್ರೊಸೀಜರ್ ಪುನರಾವರ್ತನೆಗೆ ನಾವು ನಾಲ್ವರು ಪ್ರತಿ ಭಾನುವಾರ ಎರಡು ಗಂಟೆ ಕೂರುತ್ತೇವೆ. ಸರದಿಯಂತೆ ಒಬ್ಬರು ಪ್ರಶ್ನೆ ತರಬೇಕು. ಉಳಿದ ಮೂವರು ಸಂಹಿತೆ ತೆರೆಯದೆ 25 ನಿಮಿಷ ಬರೆದು, ಉತ್ತರ ಅದಲುಬದಲು ಮಾಡಿ ತಿದ್ದಬೇಕು. ಕಲಂ ತೆರೆದು ನೋಡುವುದು ತಿದ್ದುವಾಗ ಮಾತ್ರ.

ಈ ವಾರದ್ದು ಬಿಎನ್‌ಎಸ್‌ಎಸ್ 187(3). ಕರಡು ಪ್ರಶ್ನೆ ಹೀಗಿದೆ: ಮೂರು ವರ್ಷದವರೆಗೆ ಶಿಕ್ಷೆಯಿರುವ ಕಳ್ಳತನದ ಆರೋಪಿಯನ್ನು ಡಿಸೆಂಬರ್ 31ರ ಸಂಜೆ ಬಂಧಿಸಿ, ಜನವರಿ 1ರಂದು ಮ್ಯಾಜಿಸ್ಟ್ರೇಟ್ ರಿಮಾಂಡ್‌ಗೆ ಕೊಡುತ್ತಾರೆ. ಚಾರ್ಜ್‌ಶೀಟ್ ಬಂದಿಲ್ಲ. ಡೀಫಾಲ್ಟ್ ಜಾಮೀನಿನ ಹಕ್ಕು ಯಾವತ್ತು ಹುಟ್ಟುತ್ತದೆ?

ಇಲ್ಲಿ ಅವಧಿ 60 ದಿನ. ಬಂಧನದ ದಿನದಿಂದ ಎಣಿಸುವುದೇ ಸಾಮಾನ್ಯ ತಪ್ಪು. ಎಣಿಕೆ ಶುರುವಾಗುವುದು ರಿಮಾಂಡ್‌ನಿಂದ, ಮತ್ತು ಆ ದಿನವೂ ಲೆಕ್ಕಕ್ಕೆ ಸೇರುತ್ತದೆ (ಸುಪ್ರೀಂ ಕೋರ್ಟ್ 2023ರಲ್ಲಿ ಈ ಗೊಂದಲ ಬಗೆಹರಿಸಿತು). ಅಧಿಕ ವರ್ಷವಲ್ಲದಿದ್ದರೆ ಫೆಬ್ರವರಿ ಮುಗಿದಾಗ 59, ಮಾರ್ಚ್ 1ಕ್ಕೆ 60. ಹಕ್ಕು ಹುಟ್ಟುವುದು ಮಾರ್ಚ್ 2ರಂದು. ಆದರೆ ಆರೋಪಿ ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಉಳಿಯದು. ಅರ್ಜಿ ಹಾಕಿದ ಮೇಲೆ ಬಂದರೆ ಏನೂ ಬಾಧೆಯಿಲ್ಲ.

ಹತ್ತು ಅಂಕವನ್ನು ಅವಧಿಗೆ 2, ಎಣಿಕೆಗೆ 4, ಅರ್ಜಿಯ ಸಮಯಕ್ಕೆ 4 ಎಂದು ಹಂಚಿದ್ದೇವೆ. ತಾರೀಖು ಸರಿ, ಕಾರಣ ತಪ್ಪು ಎಂಬ ಉತ್ತರಕ್ಕೆ ಎಷ್ಟು ಕೊಡಬೇಕು ಎಂಬಲ್ಲೇ ಜಗಳ. ಸೊನ್ನೆ ಅತಿಯಾಯಿತು ಅನಿಸುತ್ತದೆ. ಅಂಕ ಕೊಟ್ಟು ಅನುಭವವಿರುವವರು ಹೇಳಿ. ಜೊತೆಗೆ, 90 ದಿನದ ಅವಧಿ ಬರುವಂಥ ಒಂದು ಪ್ರಶ್ನೆಯನ್ನೂ ಯಾರಾದರೂ ಕೊಡುತ್ತೀರಾ?