ಸಹಾಯ ಬೇಕು: ಹಿಮ್ಮಡಿ ಹುಣ್ಣಿನ ಚಿತ್ರದಲ್ಲಿರುವ ಹಳದಿ ಭಾಗ ಸ್ಲಫ್ ಹೌದೇ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ಚಿತ್ರ ನೋಡಿ ಗಾಯದ ದಾಖಲೆ ಬರೆಯುವ ಅಭ್ಯಾಸದಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಹಿಮ್ಮಡಿಯ ಹಿಂಭಾಗದಲ್ಲಿ ಒತ್ತಡದ ಹುಣ್ಣು. ಪಕ್ಕದಲ್ಲಿಟ್ಟ ಅಳತೆಪಟ್ಟಿಯ ಪ್ರಕಾರ ಉದ್ದ 5 ಸೆಂ.ಮೀ., ಅಗಲ 4 ಸೆಂ.ಮೀ. ಕೆಳ ಅಂಚಿನಲ್ಲಿ ದಾಳಿಂಬೆ ಕಾಳು ಜೋಡಿಸಿದಂತೆ ಕೆಂಪಾದ, ಒದ್ದೆಯಾದ, ಉಬ್ಬುಉಬ್ಬಾದ ಮೇಲ್ಮೈ ಇದೆ. ಅದು ಗ್ರ್ಯಾನ್ಯುಲೇಷನ್ ಎಂಬುದರಲ್ಲಿ ಅನುಮಾನವಿಲ್ಲ, ಶೇ. 30 ಎಂದು ಬರೆದೆ. ಮೇಲ್ಭಾಗದಲ್ಲಿ ಒಣಗಿದ ಚರ್ಮದ ಚೂರಿನಂತೆ ಕಪ್ಪಾಗಿ ಗಟ್ಟಿಯಾದದ್ದು ಸತ್ತ ಅಂಗಾಂಶ, ಶೇ. 20. ನಡುವಿನ ಶೇ. 50 ಹಳದಿ. ಅದನ್ನು ಪೂರ್ತಿ ಸ್ಲಫ್ ಎಂದು ಬರೆದೆ.

ಈಗ ಕಾಡುತ್ತಿರುವುದು ಈ ಹಳದಿ. ಬಹುಪಾಲು ಮಂಕಾಗಿ, ಎಳೆಎಳೆಯಾಗಿ ಅಂಟಿಕೊಂಡಿದೆ. ಆದರೆ ಮಧ್ಯದಲ್ಲಿ ಬೆರಳಗಲದ ಒಂದು ಪಟ್ಟಿ ಮಾತ್ರ ಬಿಳಿ-ಹಳದಿಯಾಗಿ ಹೊಳೆಯುತ್ತದೆ. ಅದರ ಗೆರೆಗಳು ಕಾಲಿನುದ್ದಕ್ಕೂ ಸಮಾನಾಂತರವಾಗಿವೆ. ಅಕಿಲೀಸ್ ಸ್ನಾಯುರಜ್ಜು ಇರುವ ಜಾಗವೂ ಅದೇ. ಹೊಳಪು ಫ್ಲ್ಯಾಶ್ ಬೆಳಕಿನದ್ದೂ ಇರಬಹುದು. ರೋಗಿ ಎದುರಿಗಿದ್ದರೆ ಪಾದ ಆಡಿಸುವಾಗ ಆ ಪಟ್ಟಿ ಚಲಿಸುತ್ತದೆಯೇ ಎಂದು ನೋಡಬಹುದಿತ್ತು.

ಇದರಿಂದ ಹಂತವೇ ಬದಲಾಗುತ್ತದೆ. ತಳ ಸ್ಲಫ್‌ನಿಂದ ಮುಚ್ಚಿ ಆಳ ಕಾಣದಿದ್ದರೆ 'ಹಂತ ನಿರ್ಧರಿಸಲಾಗದು' ಎನ್ನಬೇಕು. ಸ್ನಾಯುರಜ್ಜು ಕಾಣುತ್ತಿದ್ದರೆ ಅದು 4ನೇ ಹಂತ. ಸ್ನಾಯುರಜ್ಜನ್ನು ಸ್ಲಫ್ ಎಂದು ದಾಖಲಿಸಿದರೆ ಯಾರಾದರೂ ಅದನ್ನು ಕತ್ತರಿಸಿ ತೆಗೆಯಲು ಹೊರಟಾರು ಎಂಬ ಭಯ ನನ್ನದು.

ಗಾಯದ ಆರೈಕೆಯಲ್ಲಿ ಅನುಭವವಿರುವ ಅಕ್ಕಂದಿರು, ಅಣ್ಣಂದಿರು ತಿಳಿಸಿ: 'ಹೊಳೆಯುವ ಪಟ್ಟಿ, ಸ್ನಾಯುರಜ್ಜು ಇರಬಹುದು, ನೇರವಾಗಿ ಪರೀಕ್ಷಿಸಬೇಕು' ಎಂದು ಪ್ರತ್ಯೇಕವಾಗಿ ಬರೆದರೆ ಸರಿಯೇ? ಆಗ ಅದನ್ನು ಶೇಕಡಾವಾರಿನಲ್ಲಿ ಹೇಗೆ ತೋರಿಸಬೇಕು?