ಪದಚರ್ಚೆ: ಕ್ಯಾರೆಕ್ಟರುಗಳು ‘ಲಂಬ’ ಎಂದರೆ ಯಾವುದು ಯಾವುದಕ್ಕೆ ಲಂಬ?

ಕಲಬುರಗಿಯಿಂದ ಪ್ರಶ್ನೆ

ಎಲ್ಲರಿಗೂ ಶರಣು. ಎಂ.ಎಸ್ಸಿ. ಮಕ್ಕಳಿಗಾಗಿ ಪರಿಮಿತ ಗ್ರೂಪ್‌ಗಳ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಈ ಎರಡು ಕ್ಯಾರೆಕ್ಟರುಗಳು ಪರಸ್ಪರ ಲಂಬ’ ಎಂದರೆ, ಗೆರೆಯೇ ಇಲ್ಲದ ಕಡೆ ಲಂಬ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಒಡೆಯಲಾಗದ ನಿರೂಪಣೆಯನ್ನು ‘ಅವಿಭಾಜ್ಯ’ ಎಂದರೆ ಅವರಿಗೆ 2, 3, 5, 7 ನೆನಪಾಗುತ್ತವೆ.

ಇನ್ನೊಂದು ತೊಡಕಿದೆ. ಮೂರು ವಸ್ತುಗಳನ್ನು ಅದಲುಬದಲು ಮಾಡುವ S₃ ಗ್ರೂಪ್‌ನಲ್ಲಿ ಕ್ಯಾರೆಕ್ಟರಿನ ಬೆಲೆಗಳು 3, 1, 0. ಒಬ್ಬ ವಿದ್ಯಾರ್ಥಿನಿ ಇವುಗಳ ವರ್ಗಗಳನ್ನು ಕೂಡಿಸಿ 10 ಪಡೆದು, 6ರಿಂದ ಭಾಗಿಸಿ, ಪೂರ್ಣಾಂಕ ಏಕೆ ಬರಲಿಲ್ಲ ಎಂದು ಕುಳಿತಿದ್ದಾಳೆ. ಒಳ್ಳೆಯ ಪದವಿದ್ದರೆ ಇಂಥ ಎಡವಟ್ಟು ತಪ್ಪೀತೇ?

ಶಹಾಪುರದಿಂದ

ಕ್ಯಾರೆಕ್ಟರಿಗೆ ‘ಪಾತ್ರ’ ಎಂಬ ಚೆಂದದ ಪದವಿರುವಾಗ ಇಷ್ಟು ಚರ್ಚೆ ಏಕೆ? ನಮ್ಮ ಬಯಲಾಟದಲ್ಲಿ ಒಂದಕ್ಕೊಂದು ಹೊಂದದ ಪಾತ್ರಗಳನ್ನು ‘ಎದುರು ಪಾತ್ರ’ ಎನ್ನುತ್ತೇವೆ. ಅದನ್ನೇ ಬಳಸಿರಿ.

ಬೀದರಿನಿಂದ

ಬಯಲಾಟದ ಹಿರಿಯರು ಕ್ಷಮಿಸಬೇಕು, ಇಲ್ಲಿ ಕ್ಯಾರೆಕ್ಟರ್ ಎಂದರೆ ಗ್ರೂಪ್‌ನ ಪ್ರತಿಯೊಬ್ಬ ಸದಸ್ಯನ ಮಾತೃಕೆಯಲ್ಲಿ ಕರ್ಣದ ಮೇಲಿನ ಸಂಖ್ಯೆಗಳ ಮೊತ್ತ.

ಮೇಡಂ, ಎಡವಟ್ಟಾಗಿರುವುದು ಪದದಿಂದಲ್ಲ, ಬರೆಯುವ ರೀತಿಯಿಂದ. ಪುಸ್ತಕಗಳು ಜಾಗ ಉಳಿಸಲು 3, 1, 0 ಎಂದು ಬರೆಯುತ್ತವೆ. S₃ರಲ್ಲಿ ಇರುವುದು ಆರು ಜನ: ಸುಮ್ಮನಿರುವವನು ಒಬ್ಬ, ಎರಡನ್ನು ಅದಲುಬದಲು ಮಾಡುವವರು ಮೂವರು, ಮೂರನ್ನೂ ಸುತ್ತಿಸುವವರು ಇಬ್ಬರು. ಆರನ್ನೂ ಬಿಡಿಸಿ (3, 1, 1, 1, 0, 0) ಎಂದು ಬರೆಯಿಸಿ. ಆಗ ವರ್ಗಗಳ ಮೊತ್ತ 12, ಆರರಿಂದ ಭಾಗಿಸಿದರೆ ಬರುವ ನಾರ್ಮ್ 2. ಒಂದು ಬಂದಿಲ್ಲ, ಆದ್ದರಿಂದ ಇದು ಒಡೆಯುತ್ತದೆ.

ಲಂಬ ಕಾಣುವುದೂ ಇಲ್ಲಿಯೇ. ಎಲ್ಲರಿಗೂ 1 ಕೊಡುವ ಕ್ಯಾರೆಕ್ಟರ್ (1, 1, 1, 1, 1, 1). ಅದಲುಬದಲಿಗೆ ಮಾತ್ರ −1 ಕೊಡುವುದು ಚಿಹ್ನೆಯ ಕ್ಯಾರೆಕ್ಟರ್ (1, −1, −1, −1, 1, 1). ಜೋಡಿಜೋಡಿಯಾಗಿ ಗುಣಿಸಿ ಕೂಡಿಸಿದರೆ 1 − 3 + 2, ಅಂದರೆ ಸೊನ್ನೆ. ಆರು ಆಯಾಮದ ಜಾಗದಲ್ಲಿ ಇವು ನಿಜವಾಗಿಯೂ ಲಂಬವಾಗಿರುವ ಎರಡು ಸದಿಶಗಳು. ಪದ ಸರಿಯಾಗಿಯೇ ಇದೆ, ಗೆರೆಗಳನ್ನು ತೋರಿಸಬೇಕಷ್ಟೇ.

ಒಡೆಯುವುದನ್ನೂ ಇದೇ ಲೆಕ್ಕ ಹೇಳುತ್ತದೆ. ನಮ್ಮ (3, 1, 1, 1, 0, 0) ಅನ್ನು ಎಲ್ಲ ಒಂದುಗಳೊಂದಿಗೆ ಗುಣಿಸಿ ಕೂಡಿಸಿದರೆ 6, ಆರರಿಂದ ಭಾಗಿಸಿದರೆ 1. ಅಂದರೆ ಆ ತುಂಡು ಒಳಗೆ ಒಮ್ಮೆ ಇದೆ. ಚಿಹ್ನೆಯ ಕ್ಯಾರೆಕ್ಟರಿನೊಂದಿಗೆ 3 − 3, ಅಂದರೆ ಸೊನ್ನೆ. ಅದು ಒಳಗಿಲ್ಲ. ಒಂದುಗಳನ್ನು ಕಳೆದರೆ ಉಳಿಯುವುದು (2, 0, 0, 0, −1, −1). ಇದರ ವರ್ಗಗಳ ಮೊತ್ತ 6, ಭಾಗಿಸಿದರೆ 1. ಇನ್ನು ಒಡೆಯುವುದಿಲ್ಲ.

ಯಾದಗಿರಿಯಿಂದ

ಸರ್, ಹಾಗಾದರೆ ನಾರ್ಮ್ ಎಷ್ಟೋ ತುಂಡುಗಳು ಅಷ್ಟೇ ಅಲ್ಲವೇ? ‘ತುಂಡುಸಂಖ್ಯೆ’ ಎಂದು ಕರೆದುಬಿಡೋಣ. ನಾನು ಪರೀಕ್ಷೆಗೆ ಹೀಗೆಯೇ ಓದಿಕೊಂಡಿದ್ದೇನೆ.

ಬೀದರಿನಿಂದ

2 ಮತ್ತು 3ರವರೆಗೆ ನಿಮ್ಮ ಮಾತು ನಡೆಯುತ್ತದೆ ತಮ್ಮಾ, 4ಕ್ಕೆ ಮುರಿದು ಬೀಳುತ್ತದೆ. ಮೇಲಿನ ಕೊನೆಯ ತುಂಡನ್ನೇ ಎರಡು ಸಲ ಜೋಡಿಸಿದರೆ (4, 0, 0, 0, −2, −2). ಮೊತ್ತ 24, ಭಾಗಿಸಿದರೆ 4. ತುಂಡುಗಳು ಮಾತ್ರ ಎರಡೇ. ಒಂದೊಂದು ತುಂಡು ಎಷ್ಟು ಸಲ ಬಂದಿದೆಯೋ ಅದರ ವರ್ಗವನ್ನು ಈ ನಾರ್ಮ್ ಕೂಡಿಸುತ್ತದೆ. ಬೇರೆ ಬೇರೆ ನಾಲ್ಕು ತುಂಡುಗಳಿದ್ದರೂ 4 ಬರುತ್ತದೆ. ಯಾವುದು ಎಂದು ತಿಳಿಯಲು ಗೊತ್ತಿರುವ ಕ್ಯಾರೆಕ್ಟರುಗಳೊಂದಿಗೆ ಗುಣಿಸಿ ನೋಡಲೇಬೇಕು.

ಮೇಡಂ, ಸಮತಲವನ್ನು 120 ಡಿಗ್ರಿ ತಿರುಗಿಸುವ ಮೂರು ಸದಸ್ಯರ ಗ್ರೂಪ್ ಅನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಕ್ಯಾರೆಕ್ಟರ್ (2, −1, −1), ನಾರ್ಮ್ 6/3 = 2. ಆದರೆ ಆ ಸಮತಲದಲ್ಲಿ ತಿರುಗಿಸಿದ ಮೇಲೂ ತನ್ನಲ್ಲೇ ಉಳಿಯುವ ಗೆರೆ ಒಂದೂ ಇಲ್ಲ. ವಾಸ್ತವ ಸಂಖ್ಯೆಗಳಲ್ಲಿ ಅದು ಒಡೆಯುವುದಿಲ್ಲ. ಸಂಕೀರ್ಣ ಸಂಖ್ಯೆಗಳಿಗೆ ಹೋದರೆ (1, ω, ω²) ಮತ್ತು (1, ω², ω) ಎಂದು ಒಡೆಯುತ್ತದೆ. ‘ಒಂದು ಬಂದರೆ ಮಾತ್ರ ಒಡೆಯದು’ ಎಂಬ ಪರೀಕ್ಷೆ ಸಂಕೀರ್ಣ ಸಂಖ್ಯೆಗಳಿಗೆ ಸೇರಿದ್ದು. ಅಲ್ಲಿ ಗುಣಿಸುವಾಗ ಒಂದರ ಸಂಯುಗ್ಮಿಯನ್ನು ತೆಗೆದುಕೊಳ್ಳದಿದ್ದರೆ (1, ω, ω²)ರ ನಾರ್ಮ್ 1 + ω² + ω, ಅಂದರೆ ಸೊನ್ನೆ ಬರುತ್ತದೆ. ಸೊನ್ನೆ ಬಂದರೆ ಇದನ್ನೇ ಮರೆತಿದ್ದೀರೆಂದು ತಿಳಿಯಿರಿ.

ಅವಿಭಾಜ್ಯದ ಬದಲು ನನಗೆ ‘ಅಖಂಡ’ ಹಿಡಿಸುತ್ತದೆ.

ಕಲಬುರಗಿಯಿಂದ

ಗುರುಗಳೇ, ಲಂಬವನ್ನು ಇಟ್ಟುಕೊಳ್ಳುತ್ತೇನೆ, ಆರು ಬೆಲೆಗಳನ್ನು ಬಿಡಿಸಿಯೇ ಬರೆಯಿಸುತ್ತೇನೆ. ‘ಅಖಂಡ’ದ ಬಗ್ಗೆ ಮಾತ್ರ ಅನುಮಾನವಿದೆ. ನಿಮ್ಮ 120 ಡಿಗ್ರಿಯ ತಿರುಗಣೆ ವಾಸ್ತವದಲ್ಲಿ ಅಖಂಡ, ಸಂಕೀರ್ಣದಲ್ಲಿ ಅಲ್ಲ. ‘ವಾಸ್ತವ-ಅಖಂಡ’ ಎಂದು ಪ್ರತಿಸಲ ಬರೆಯುವುದು ಬಾಯಿಗೂ ಕಣ್ಣಿಗೂ ಭಾರ. ಎಲ್ಲಿ ಹೋದರೂ ಒಡೆಯದಿರುವುದಕ್ಕೆ ಒಂದು, ಇಲ್ಲಿ ಮಾತ್ರ ಒಡೆಯದಿರುವುದಕ್ಕೆ ಇನ್ನೊಂದು ಪದ ಯಾರಿಗಾದರೂ ತೋಚಿದರೆ ತಿಳಿಸಿ.

ಶಹಾಪುರದಿಂದ

ಒಟ್ಟಿನಲ್ಲಿ ‘ಪಾತ್ರ’ ಬೇಡವೆಂದಾಯಿತೇ?