450 ಚದರ ಅಡಿಗೆ ಸಾಕು ಅಂತ ಬರೆದ ಪ್ಯೂರಿಫೈಯರ್, ಆದರೂ ಹಾಲ್‌ನಲ್ಲಿ ಮೀಟರ್ 60ರಿಂದ ಇಳಿಯುತ್ತಿಲ್ಲ

ಸುಮಾ_ಮಾರತ್ತಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಔಟರ್ ರಿಂಗ್ ರೋಡಿಗೆ ಅಂಟಿಕೊಂಡಿರುವ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಒಂದು ಕಡೆ ಮೆಟ್ರೋ ಕೆಲಸದ ಧೂಳು, ಇನ್ನೊಂದು ಕಡೆ ಟ್ರಾಫಿಕ್ ಹೊಗೆ. ಅಮ್ಮನಿಗೆ ಉಬ್ಬಸ ಇದೆ. ಅದಕ್ಕೇ ಕಳೆದ ವರ್ಷ ಒಂದು ಪ್ಯೂರಿಫೈಯರ್ ತಂದೆವು. ಪೆಟ್ಟಿಗೆ ಮೇಲೆ "450 ಚದರ ಅಡಿವರೆಗೆ" ಅಂತ ಇತ್ತು. ಹಾಲ್, ಡೈನಿಂಗ್ ಸೇರಿ ನಮ್ಮದು 400 ಚದರ ಅಡಿ, ಹಾಗಾಗಿ ಸಾಕು ಅಂದುಕೊಂಡೆವು. ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿಯ ಲೆಕ್ಕ, 250 ಅಂತ ಇದೆ. ಫಿಲ್ಟರ್ ಸಣ್ಣ ಕಣ ಹಿಡಿಯುವ ಹೆಪಾ, ಹೆಚ್13 ದರ್ಜೆ, ಜೊತೆಗೆ ತೆಳ್ಳಗಿನ ಕಾರ್ಬನ್ ಪದರ.

ಈಗ ಬೇರೆಯಾಗಿ, ಗಾಳಿಯಲ್ಲಿರುವ ಸೂಕ್ಷ್ಮ ಧೂಳು ಅಳೆಯುವ ಒಂದು ಪಿಎಂ 2.5 ಮೀಟರ್ ತಂದಿದ್ದೇನೆ. ಯಂತ್ರದ ಮೇಲೆ 18 ಅಂತ ಹಸಿರು ದೀಪ ಉರಿಯುತ್ತಿರುತ್ತದೆ, ಡೈನಿಂಗ್ ಟೇಬಲ್ ಮೇಲಿಟ್ಟ ಮೀಟರ್ ಮಾತ್ರ 60 ತೋರಿಸುತ್ತದೆ. ಬಾಲ್ಕನಿಯಲ್ಲಿ 90 ಇತ್ತು. ಯಂತ್ರ ಕೆಟ್ಟಿದೆಯಾ? ಅಮ್ಮನ ರೂಮಿಗೆ (11 x 12 ಅಡಿ, ಸೀಲಿಂಗ್ ಒಂಬತ್ತೂವರೆ ಅಡಿ) ಇನ್ನೊಂದು ತೆಗೆದುಕೊಳ್ಳಬೇಕು ಅಂತಿದ್ದೇವೆ. ಎಂಥದ್ದು ತೆಗೆದುಕೊಳ್ಳಲಿ?

ಕಿರಣ್_ವಿ

ಫಿಲ್ಟರ್ ಮೊದಲು ನೋಡಿ ಮೇಡಂ. ಹೊಸ ಫಿಲ್ಟರ್ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ, ಎಷ್ಟೋ ಜನ ಅದನ್ನು ತೆಗೆಯದೇ ಹಾಗೇ ಓಡಿಸುತ್ತಾರೆ. ಅದು ಸರಿಯಿದ್ದರೆ ಮುಂದಿನದಕ್ಕೆ ಇನ್ನೂ ಮೇಲಿನ ದರ್ಜೆಯ ಹೆಚ್14 ಹುಡುಕಿ. ಸಿಎಡಿಆರ್ ಎಲ್ಲ ಕಂಪನಿಯವರ ಮಾರಾಟದ ಲೆಕ್ಕ. ಧೂಳು ಹಿಡಿಯೋದು ಫಿಲ್ಟರ್ ತಾನೇ, ಫ್ಯಾನ್ ಅಲ್ಲವಲ್ಲ.

ಸುಮಾ_ಮಾರತ್ತಹಳ್ಳಿ

ಕವರ್ ಮೊದಲ ದಿನವೇ ತೆಗೆದಿದ್ದೇವೆ ಕಿರಣ್ ಅವರೇ. ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದೆ, ಅಂದರೆ ಏನೋ ಹಿಡಿಯುತ್ತಿದೆ.

ಕ್ಲೀನ್‌ರೂಮ್_ಏಸಿ

ನಾನು ಔಷಧ ಕಾರ್ಖಾನೆಗಳ ಕ್ಲೀನ್‌ರೂಮ್‌ಗಳಿಗೆ ಏಸಿ, ಫಿಲ್ಟರ್ ಹಾಕಿಸುವ ಕೆಲಸದಲ್ಲಿದ್ದೇನೆ. ಸುಮಾ ಅವರೇ, ಹೊಸದು ತರುವುದಕ್ಕೆ ಮೊದಲು ಇದನ್ನು ಓದಿ.

ಕಿರಣ್ ಹೇಳಿದ್ದು ಅರ್ಧ ನಿಜ. ಫಿಲ್ಟರ್ ಚೆನ್ನಾಗಿರಲೇಬೇಕು. ಆದರೆ ಮನೆಯೊಳಗೆ ಅದೇ ಗಾಳಿ ಮತ್ತೆ ಮತ್ತೆ ಯಂತ್ರದೊಳಗೆ ಹೋಗಿ ಬರುತ್ತದೆ. ಒಂದು ಸಲಕ್ಕೆ ನೂರರಲ್ಲಿ 99.5 ಹಿಡಿಯುವ ಫಿಲ್ಟರಿಗೂ 99.95 ಹಿಡಿಯುವುದಕ್ಕೂ ರೂಮಿನ ಗಾಳಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಗಂಟೆಗೆ ಎಷ್ಟು ಗಾಳಿ ಅದರೊಳಗೆ ಹಾದುಹೋಯಿತು ಅನ್ನುವುದೇ ಮುಖ್ಯ. ಕಾರ್ಖಾನೆಯಲ್ಲಿ ಹೆಚ್14 ಬೇಕು, ಯಾಕೆಂದರೆ ಅಲ್ಲಿ ಫಿಲ್ಟರ್ ದಾಟಿದ ಗಾಳಿ ನೇರ ಔಷಧದ ಮೇಲೆ ಬೀಳುತ್ತದೆ. ಮನೆಗೆ ಹೆಚ್14 ಹಾಕಿದರೆ ಫ್ಯಾನಿಗೆ ಗಾಳಿ ಎಳೆಯುವುದು ಇನ್ನೂ ಕಷ್ಟ, ಸದ್ದು ಜಾಸ್ತಿ, ಅಷ್ಟೇ. ಪೆಟ್ಟಿಗೆ ಮೇಲೆ "ಹೆಪಾ ಟೈಪ್" ಅಂತ ಮಾತ್ರ ಇದ್ದು, ದರ್ಜೆಯಾಗಲಿ ಶೇಕಡಾವಾರು ಆಗಲಿ ಇಲ್ಲದಿದ್ದರೆ ಅಂಥದ್ದನ್ನು ಬಿಟ್ಟುಬಿಡಿ.

ಈಗ 450 ಚದರ ಅಡಿ ವಿಷಯ. 250 ಅಂದರೆ ಗಂಟೆಗೆ 250 ಕ್ಯೂಬಿಕ್ ಮೀಟರ್ ಶುದ್ಧ ಗಾಳಿ, ಅದೂ ಫುಲ್ ಸ್ಪೀಡಿನಲ್ಲಿ. ನಿಮ್ಮ ಹಾಲ್‌ನಲ್ಲಿರುವ ಗಾಳಿ ಸುಮಾರು 108 ಕ್ಯೂಬಿಕ್ ಮೀಟರ್. ಹಾಗಾದರೆ ಗಂಟೆಗೆ ಎರಡು ಸಲಕ್ಕಿಂತ ಸ್ವಲ್ಪ ಜಾಸ್ತಿ ತೊಳೆದಂತೆ ಆಯಿತು. ಸಾಮಾನ್ಯವಾಗಿ ನಾವು ಐದು ಸಲ ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ. ಆ ಲೆಕ್ಕಕ್ಕೆ ನಿಮ್ಮ ಹಾಲಿಗೆ 540 ಬೇಕು. ಕಂಪನಿ ಬರೆದ ಚದರ ಅಡಿ ಸುಳ್ಳಲ್ಲ, ಆದರೆ ಗಂಟೆಗೆ ಎರಡು ಸಲ ಸಾಕು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ನಿಮ್ಮಲ್ಲಿ ಅದೂ ನಡೆಯುತ್ತಿಲ್ಲ ಅಂತ ನನ್ನ ಅನುಮಾನ. ಯಂತ್ರದ ಮೇಲೆ 18, ಟೇಬಲ್ ಮೇಲೆ 60 ಅಂದಿರಿ. ಯಂತ್ರ ಎಲ್ಲಿಟ್ಟಿದ್ದೀರಿ? ಆಟೋದಲ್ಲಿದೆಯಾ? ಅಡುಗೆಮನೆ ಯುಟಿಲಿಟಿ ಬಾಗಿಲು ತೆರೆದಿರುತ್ತದಾ?

ಶಾರದಾ_ಹುಬ್ಬಳ್ಳಿ

ನಮ್ಮ ಫ್ಲಾಟಿನಲ್ಲೂ ಇದೇ ತೊಂದರೆ. ಹೊಸದಾಗಿ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಿದ್ದೇವೆ, ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ. ಹೆಪಾ ಪ್ಯೂರಿಫೈಯರ್ ಹಗಲು ರಾತ್ರಿ ಓಡಿಸಿದರೂ ವಾಸನೆ ಹೋಗುತ್ತಿಲ್ಲ. ದೊಡ್ಡದು ತರಬೇಕಾ?

ಕ್ಲೀನ್‌ರೂಮ್_ಏಸಿ

ಶಾರದಾ ಅವರೇ, ನಿಮ್ಮದು ಬೇರೆ ಸಮಸ್ಯೆ. ನಿಮ್ಮಲ್ಲಿರುವುದು ಅಂಟು ಬಿಡುವ ಅನಿಲ. ಹೆಪಾ ಹಿಡಿಯುವುದು ಕಣಗಳನ್ನು ಮಾತ್ರ, ಅನಿಲ ನೇರ ದಾಟಿಹೋಗುತ್ತದೆ. ಮೀಟರಿನಲ್ಲೂ ಅದು ಕಾಣುವುದಿಲ್ಲ. ಕಾಳು ಕಾಳಾಗಿ ಕಾರ್ಬನ್ ತುಂಬಿದ, ಕೈಯಲ್ಲಿ ಹಿಡಿದರೆ ಭಾರ ಅನಿಸುವ ಫಿಲ್ಟರ್ ಇದ್ದರೆ ಸ್ವಲ್ಪ ಕೆಲಸ ಮಾಡುತ್ತದೆ. ಕಪ್ಪು ಬಟ್ಟೆಯಂಥ ಹಾಳೆ ಬೇಗ ತುಂಬಿಹೋಗುತ್ತದೆ. ಸದ್ಯಕ್ಕೆ ವಾರ್ಡ್‌ರೋಬ್ ಬಾಗಿಲು, ಕಿಟಕಿ ಎರಡೂ ತೆರೆದಿಟ್ಟು ಎಕ್ಸಾಸ್ಟ್ ಓಡಿಸಿ. ವಾಸನೆಗೆ ಅಂತ ಓಝೋನ್ ಬಿಡುವ ಯಂತ್ರ ಯಾರಾದರೂ ಹೇಳಿದರೆ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಸುಮಾ_ಮಾರತ್ತಹಳ್ಳಿ

ಯಂತ್ರ ಸೋಫಾ ಹಿಂದಿನ ಮೂಲೆಯಲ್ಲಿದೆ, ಗೋಡೆಗೆ ಒತ್ತಿಕೊಂಡಿದೆ. ಯಾವಾಗಲೂ ಆಟೋ. ಯುಟಿಲಿಟಿ ಬಾಗಿಲು ಹಗಲೆಲ್ಲ ಅರ್ಧ ತೆರೆದೇ ಇರುತ್ತದೆ, ಬಟ್ಟೆ ಒಣಗಬೇಕಲ್ಲ.

ಕ್ಲೀನ್‌ರೂಮ್_ಏಸಿ

ಹಾಗಾದರೆ ಯಂತ್ರ ಕೆಟ್ಟಿಲ್ಲ. ಮೂಲೆಯಲ್ಲಿ ತಾನು ಬಿಟ್ಟ ಶುದ್ಧ ಗಾಳಿಯನ್ನೇ ತಿರುಗಿ ಎಳೆದುಕೊಳ್ಳುತ್ತಿದೆ. ಅದರ ಸೆನ್ಸರ್ ಕೂಡ ಅಲ್ಲೇ ಇದೆ. ಅದಕ್ಕೆ 18 ಕಂಡು, ಎಲ್ಲ ಸರಿಯಿದೆ ಅಂತ ಆಟೋ ಫ್ಯಾನನ್ನು ಕಡಿಮೆ ಸ್ಪೀಡಿಗೆ ಇಳಿಸುತ್ತದೆ. ಆಗ 250 ಇದ್ದದ್ದು 100 ಆಸುಪಾಸಿಗೆ ಬಂದಿರಬಹುದು. ಅಂದರೆ ಗಂಟೆಗೆ ಒಂದು ಸಲವೂ ಪೂರ್ತಿ ಇಲ್ಲ. ಅತ್ತ ಅರ್ಧ ತೆರೆದ ಬಾಗಿಲಿನಿಂದ ಹೊರಗಿನ ಗಾಳಿ ಗಂಟೆಗೆ ಎರಡು ಸಲ ಬದಲಾಗುತ್ತಿದೆ ಅಂತ ಇಟ್ಟುಕೊಳ್ಳಿ. ಹೊರಗೆ 90 ಇದ್ದಾಗ ಒಳಗೆ 60ಕ್ಕೆ ನಿಲ್ಲುವುದು ಇದೇ ಲೆಕ್ಕಕ್ಕೆ. ಫುಲ್ ಸ್ಪೀಡಿಗೆ ಹಾಕಿದರೂ ಬಾಗಿಲು ತೆರೆದಿದ್ದರೆ 40ರ ಹತ್ತಿರ ನಿಲ್ಲುತ್ತದೆ. ಬಾಗಿಲು ಹಾಕಿದರೆ ಅದೇ ಯಂತ್ರದಲ್ಲಿ 20ರ ಆಸುಪಾಸಿಗೆ ಬರಬೇಕು.

ಸೋಫಾ ಹಿಂದಿನಿಂದ ತೆಗೆದು, ಸುತ್ತ ಒಂದೂವರೆ ಅಡಿ ಜಾಗ ಬಿಟ್ಟು ಇಡಿ. ಆಟೋ ಬಿಟ್ಟು ಕೈಯಲ್ಲೇ ಸ್ಪೀಡ್ ಇಡಿ.

ಅಮ್ಮನ ರೂಮಿಗೆ ಹೊಸದು ಬೇಕಾ ಅಂತ ತಿಳಿಯಲು ಇದೇ ಯಂತ್ರವನ್ನು ಅಲ್ಲಿಗೆ ಒಯ್ದು ಒಂದು ಪರೀಕ್ಷೆ ಮಾಡಿ. ಅಮ್ಮ ಆ ಹೊತ್ತಿಗೆ ರೂಮಿನಲ್ಲಿ ಇರಬಾರದು. ಕಿಟಕಿ ಬಾಗಿಲು ಹಾಕಿ, ಸೀಲಿಂಗ್ ಫ್ಯಾನ್ ಮೆಲ್ಲಗೆ ಓಡಲಿ. ಊದುಬತ್ತಿ ಹಚ್ಚಿ, ಮೀಟರ್ 300 ದಾಟಿದ ಮೇಲೆ ಆರಿಸಿ. 300ರಿಂದ 150ಕ್ಕೆ ಬರಲು ಎಷ್ಟು ನಿಮಿಷ ಬೇಕಾಯಿತು ನೋಡಿ. 42ನ್ನು ಆ ನಿಮಿಷದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಅನ್ನುವುದು ಬರುತ್ತದೆ. ಮೊದಲು ಯಂತ್ರ ಇಲ್ಲದೆ, ಆಮೇಲೆ ಒಂದೊಂದು ಸ್ಪೀಡಿಗೂ ಮಾಡಿ. ಯಂತ್ರ ಇಲ್ಲದಾಗಿನದನ್ನು ಕಳೆದರೆ ಉಳಿದದ್ದು ಯಂತ್ರದ ಕೆಲಸ. ಎಲ್ಲ ಮುಗಿದ ಮೇಲೆ ಕಿಟಕಿ ತೆರೆದು ಹೊಗೆ ಹೊರಗೆ ಬಿಡಿ.

ನೋಯ್ಡಾ_ಕನ್ನಡಿಗ

ಇಲ್ಲಿ ನವೆಂಬರಿನಲ್ಲಿ ಹೊರಗೆ 300 ದಾಟುತ್ತದೆ, ಕಿಟಕಿ ತೆರೆಯುವ ಮಾತೇ ಇಲ್ಲ. ಎಲ್ಲ ಸಂದಿಗೂ ಟೇಪ್ ಹಾಕಿ, ಮೂರು ಜನ ಒಂದೇ ರೂಮಿನಲ್ಲಿ ಮಲಗುತ್ತೇವೆ. ಪಿಎಂ 15ಕ್ಕೆ ಬಂದರೂ ಬೆಳಿಗ್ಗೆ ತಲೆ ಭಾರ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿದರೆ 2500 ಇತ್ತು. ಪ್ಯೂರಿಫೈಯರ್ ಅದನ್ನು ಮುಟ್ಟುವುದಿಲ್ಲ, ಸ್ಪ್ಲಿಟ್ ಏಸಿಯೂ ಹೊರಗಿನ ಗಾಳಿ ತರುವುದಿಲ್ಲ. ಈಗ ರೂಮಿನ ಬಾಗಿಲು ಹಾಲಿನ ಕಡೆಗೆ ಒಂದು ಗೇಣು ತೆರೆದು, ಎರಡೂ ಕಡೆ ಯಂತ್ರ ಓಡಿಸುತ್ತೇವೆ. ಸುಮಾ ಅವರೇ, ಬೆಂಗಳೂರಿನಲ್ಲಿ ನೀವು ನಮ್ಮ ಹಾಗೆ ಟೇಪ್ ಹಾಕಬೇಡಿ.

ಸುಮಾ_ಮಾರತ್ತಹಳ್ಳಿ

ಪರೀಕ್ಷೆ ಮಾಡಿದೆ ಸರ್, ಅಮ್ಮನನ್ನು ತಂಗಿ ಮನೆಗೆ ಕಳಿಸಿದ್ದೆ. ಯಂತ್ರ ಇಲ್ಲದೆ ಅರ್ಧಕ್ಕೆ ಇಳಿಯಲು ಸುಮಾರು ಒಂದು ಗಂಟೆ. ಫುಲ್ ಸ್ಪೀಡಿನಲ್ಲಿ 7 ನಿಮಿಷ. ನಡುವಿನ ಸ್ಪೀಡಿನಲ್ಲಿ 12. ರಾತ್ರಿ ಮೋಡಿನಲ್ಲಿ 28 ನಿಮಿಷ ಹಿಡಿಯಿತು! ಹಾಲಿನಲ್ಲಿ ನೀವು ಹೇಳಿದ ಹಾಗೆ ಇಟ್ಟು, ಬಾಗಿಲು ಹಾಕಿದಾಗ ಟೇಬಲ್ ಮೇಲೆ 27ಕ್ಕೆ ಬಂತು.

ಕ್ಲೀನ್‌ರೂಮ್_ಏಸಿ

ತುಂಬಾ ಚೆನ್ನಾಗಿ ಮಾಡಿದ್ದೀರಿ. ಆ ರೂಮಿನ ಗಾಳಿ ಸುಮಾರು 35 ಕ್ಯೂಬಿಕ್ ಮೀಟರ್. ಫುಲ್ ಸ್ಪೀಡಿಗೆ ಗಂಟೆಗೆ ಆರು ಸಲ ಆಯಿತು, ತಾನಾಗಿ ಇಳಿಯುವ 0.7 ಕಳೆದರೆ 5.3. ಅಂದರೆ ನಿಜವಾದ ಸಿಎಡಿಆರ್ ಸುಮಾರು 185. 250 ಇಲ್ಲ. ಒಂದು ವರ್ಷದ ಫಿಲ್ಟರ್ ಸ್ವಲ್ಪ ಕಟ್ಟಿಕೊಂಡಿರುತ್ತದೆ, ಮನೆಯ ಪರೀಕ್ಷೆಯಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯೂ ಆಗುತ್ತದೆ. ಹಾಲ್‌ನಲ್ಲಿ ಮೀಟರ್ 20ಕ್ಕೆ ಬರದೆ 27ಕ್ಕೆ ನಿಂತದ್ದಕ್ಕೂ ಇದೇ ಕಾರಣ ಇರಬಹುದು. ನಡುವಿನ ಸ್ಪೀಡಿಗೆ 100 ಸಿಗುತ್ತಿದೆ. ರಾತ್ರಿ ಮೋಡಿನಲ್ಲಿ ಮಾತ್ರ 30ಕ್ಕೂ ಕಡಿಮೆ, ಅದು ಇದ್ದೂ ಇಲ್ಲದ ಹಾಗೆ.

ಐದು ಸಲದ ಲೆಕ್ಕಕ್ಕೆ ಅಮ್ಮನ ರೂಮಿಗೆ 180 ಬೇಕು. ಆದರೆ ಆ ರೂಮ್ ಮುಚ್ಚಿದರೆ ಹೊರಗಿನ ಗಾಳಿ ಹೆಚ್ಚು ನುಗ್ಗುವುದಿಲ್ಲ ಅಂತ ನಿಮ್ಮ ಒಂದು ಗಂಟೆಯೇ ಹೇಳುತ್ತಿದೆ. ಹಾಗಾಗಿ ಹೊರಗೆ 90 ಇದ್ದರೂ ನಡುವಿನ ಸ್ಪೀಡಿನಲ್ಲಿ ಒಳಗೆ 20ರ ಒಳಗೇ ಇರುತ್ತದೆ. ಮಲಗುವ ಮೊದಲು ಅರ್ಧ ಗಂಟೆ ಫುಲ್, ಆಮೇಲೆ ಬೆಳಗಿನವರೆಗೆ ನಡುವಿನ ಸ್ಪೀಡ್. ಅಮ್ಮನಿಗೆ ಆ ಸದ್ದಿನಲ್ಲಿ ನಿದ್ದೆ ಬರುತ್ತದೆ ಅಂದರೆ ಆ ರೂಮಿಗೆ ಹೊಸದು ಬೇಡ, ಇದನ್ನೇ ಅಲ್ಲಿಡಿ. ಬರುವುದಿಲ್ಲ ಅಂದರೆ 350–400 ಇರುವ ದೊಡ್ಡ ಯಂತ್ರ ತಂದು ಕಡಿಮೆ ಸ್ಪೀಡಿನಲ್ಲಿ ಓಡಿಸಿ. ಆದರೆ ಕೊಳ್ಳುವ ಮೊದಲು ಆ ಕಡಿಮೆ ಸ್ಪೀಡಿಗೆ ಸಿಎಡಿಆರ್ ಎಷ್ಟು, ಸದ್ದು ಎಷ್ಟು ಡೆಸಿಬೆಲ್ ಅಂತ ಕೇಳಿ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವುದು ಫುಲ್ ಸ್ಪೀಡಿನ ಸಿಎಡಿಆರ್ ಮಾತ್ರ.

ಹಾಲಿಗೆ ನನ್ನ ಮಟ್ಟಿಗೆ 500ರ ಒಂದರ ಬದಲು 250ರ ಎರಡು ವಾಸಿ. ಒಂದು ಟಿವಿ ಕಡೆ, ಒಂದು ಡೈನಿಂಗ್ ಕಡೆ.

ಕಿರಣ್_ವಿ

ಎರಡು ಯಂತ್ರ ಅಂದರೆ ವರ್ಷಕ್ಕೆ ಎರಡು ಫಿಲ್ಟರ್ ಖರ್ಚು ಸರ್. ದೊಡ್ಡದೊಂದೇ ಅಗ್ಗ ಆಗಬಹುದು. ಇನ್ನೊಂದು ವಿಷಯ, ನಾನು ಬೇರೆ ಕಂಪನಿಯ ಅಗ್ಗದ ಫಿಲ್ಟರ್ ಹಾಕಿದ್ದೆ, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಇರಲಿಲ್ಲ. ಸಂದಿಯಲ್ಲಿ ಧೂಳು ಗೆರೆ ಗೆರೆಯಾಗಿ ಕೂತಿತ್ತು. ಗಾಳಿ ಸುತ್ತು ಹಾಕಿ ಹೋದರೆ ಹೆಚ್13 ಇದ್ದೂ ಏನು ಬಂತು?

ಕ್ಲೀನ್‌ರೂಮ್_ಏಸಿ

ಈ ಮಾತು ನೂರಕ್ಕೆ ನೂರು ಸರಿ ಕಿರಣ್. ಬದಲಿ ಫಿಲ್ಟರ್ ಹಾಕಿದ ಮೇಲೆ ಊದುಬತ್ತಿ ಪರೀಕ್ಷೆ ಮತ್ತೆ ಮಾಡಿದರೆ ಗೊತ್ತಾಗುತ್ತದೆ, ನಿಮಿಷ ಜಾಸ್ತಿ ಆದರೆ ವಾಪಸ್ ಕೊಡಿ. ಖರ್ಚಿನ ಲೆಕ್ಕ ಒಂದೊಂದು ಮಾಡೆಲಿಗೂ ಬೇರೆ, ಫಿಲ್ಟರ್ ಬೆಲೆ ಕೇಳಿಕೊಂಡೇ ಯಂತ್ರ ತೆಗೆದುಕೊಳ್ಳಬೇಕು.

ಸುಮಾ_ಮಾರತ್ತಹಳ್ಳಿ

ಯಂತ್ರ ಇವತ್ತೇ ಅಮ್ಮನ ರೂಮಿಗೆ ಹೋಯಿತು. ನಡುವಿನ ಸ್ಪೀಡಿನ ಸದ್ದು ಫ್ಯಾನ್ ಸದ್ದಿನಲ್ಲಿ ಕೇಳಿಸುವುದೇ ಇಲ್ಲ ಅಂದರು. ಹಾಲಿನದು ಒಂದಾ ಎರಡಾ ಅಂತ ಇನ್ನೂ ನಿರ್ಧಾರ ಆಗಿಲ್ಲ, ಫಿಲ್ಟರ್ ಬೆಲೆ ವಿಚಾರಿಸಿ ಬರೆಯುತ್ತೇನೆ. ಒಗ್ಗರಣೆ ಹಾಕುವಾಗ ಏನು ಮಾಡುವುದು? ಮೀಟರ್ 400ಕ್ಕೆ ಹಾರುತ್ತದೆ.

ಕ್ಲೀನ್‌ರೂಮ್_ಏಸಿ

ಆಗ ಯಂತ್ರವನ್ನು ನಂಬಬೇಡಿ. ಚಿಮಣಿ ಹಾಕಿ, ಅದರ ಪೈಪು ಹೊರಗೆ ಹೋಗಿದೆಯಾ ನೋಡಿ, ಆ ಹತ್ತು ನಿಮಿಷ ಯುಟಿಲಿಟಿ ಬಾಗಿಲು ಪೂರ್ತಿ ತೆರೆಯಿರಿ. ಒಗ್ಗರಣೆಯ ಎಣ್ಣೆ ಹೊಗೆ ಪ್ಯೂರಿಫೈಯರಿಗೆ ಹೋದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಚಿಮಣಿ ನಿಲ್ಲಿಸಿದ ಮೇಲೆ ಬಾಗಿಲು ಹಾಕಿ ಫುಲ್ ಸ್ಪೀಡ್ ಇಡಿ.